ಮಾವಶಿ ತಂದದ್ದು ಬಳೆಯೋ ಬಾಳೆಯೋ

ಮಗಳಿಗೆ ಹೆರಿಗೆಯಾದ ಮೂರನೇ ದಿನ ಬೀಗಿತ್ತಿಯವರು ನಮ್ಮ ಮನೆಗೆ ಬಂದರು. ಕೋಥರೂಡಿನ ಡಹಾಣೂಕರ್ ಕಾಲನಿಯಿಂದ ಕರ್ವೆ ಪುತಳಿಯ ಹತ್ತಿರದ ನಮ್ಮ ಮನೆಗೆ ನಡೆದು ಬರುವಷ್ಟೇ ದೂರ. ಕೈಯಲ್ಲೊಂದು ಹಳೆಯ ನೋಟ್‌ಬುಕ್ಕು, ರಟ್ಟು ಕಿತ್ತು ಹೋಗಿತ್ತು. ಅವರ ತಾಯಿ ತಮ್ಮ ಮೊದಲ ಮೊಮ್ಮಗುವಿನ ಬಾರಸೆಗೆ ಬರೆದ ಪಾಳಣೆಯ ಹಾಡು ಅದರಲ್ಲಿತ್ತು. ಮರಾಠಿ ಮನೆಗಳಲ್ಲಿ ಹೆಸರಿಡುವ ದಿನ ತೊಟ್ಟಿಲು ತೂಗುತ್ತ ಹಾಡುವ ಹಾಡಿಗೆ ಪಾಳಣಾ ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಅದನ್ನು ಮನೆಯವರೇ ಕಟ್ಟಿಕೊಂಡಿರುತ್ತಾರೆ. ಇದೂ ಹಾಗೆ ಕಟ್ಟಿದ್ದು.

"ನಿಮ್ಮ ಆಯಿ ಧಾರವಾಡದಿಂದ ಬರ್ತಾರಲ್ಲ, ಅವರೂ ನಮ್ಮ ಜೊತೆ ಹಾಡಲಿ. ಇದನ್ನ ಕನ್ನಡದಲ್ಲಿ ಮಾಡಿಕೊಡ್ತೀರಾ? ಚಾಲ ಮಾತ್ರ ಇದೇ ಇರಲಿ" ಎಂದು ಮರಾಠಿಯಲ್ಲಿ ಕೇಳಿದರು.

ನಾನು ಕೂಡಲೇ ಹ್ಞೂಂ ಅಂದೆ. ಅದಕ್ಕೊಂದು ಕಾರಣವಿತ್ತು. ಎರಡು ವರ್ಷದ ಹಿಂದೆ ಮಗಳ ಮದುವೆಯಲ್ಲಿ ಅವ್ವ ಇಡೀ ದಿನ ಒಂದು ಕುರ್ಚಿಯ ಮೇಲೆ ಕೂತಿದ್ದಳು. ಅವಳಿಗೆ ಆಗ ಎಂಬತ್ತೆರಡು. ಮರಾಠಿ ಒಂದಕ್ಷರ ಬಾರದು. ಬಂದವರೆಲ್ಲ ಕಾಲಿಗೆ ನಮಸ್ಕಾರ ಮಾಡಿ ಹೋದರು, ಆದರೆ ಯಾರೂ ಅವಳ ಜೊತೆ ಕೂತು ಮಾತಾಡಲಿಲ್ಲ, ಮಾತಾಡಲು ಬರುತ್ತಲೂ ಇರಲಿಲ್ಲ. ಇಪ್ಪತ್ತು ಮನೆಯ ಕೂಸುಗಳಿಗೆ ಜೋಗುಳ ಹಾಡಿದ ಹೆಂಗಸು ತನ್ನ ಮೊಮ್ಮಗಳ ಮದುವೆಯಲ್ಲಿ ಬಾಯಿ ಬಿಡಲಿಲ್ಲ. ಈಗ ಮರಿಮಗು. ಈ ಸಲವೂ ಅವಳು ಸುಮ್ಮನೆ ಕೂಡುವುದು ನನಗೆ ಬೇಡವಾಗಿತ್ತು. ಕೈಯಲ್ಲಿ ಒಂಬತ್ತು ದಿನ ಇತ್ತು.

ಆ ಪಾಳಣೆ ದಿನಗಳ ಲೆಕ್ಕದಲ್ಲಿ ಸಾಗುತ್ತದೆ. ಮೊದಲ ದಿನ ಇಂಥದ್ದಾಯಿತು, ಎರಡನೇ ದಿನ ಇಂಥವರು ಬಂದರು, ಹೀಗೆ ಹನ್ನೆರಡನೇ ದಿನ ಹೆಸರಿಡುವವರೆಗೆ ಹನ್ನೆರಡು ನುಡಿ. ಪ್ರತಿ ನುಡಿಗೆ ಎರಡು ಸಾಲು, ಕೊನೆಗೆ ಜೋ ಜೋ. ಜೋ ಜೋ ಎರಡೂ ಭಾಷೆಗೆ ಒಂದೇ, ಅದನ್ನು ಮುಟ್ಟುವ ಕೆಲಸವಿರಲಿಲ್ಲ. ಐದನೇ ದಿನದ ನುಡಿ ಹೀಗಿದೆ. ಕೂಸಿನ ಮಾವಶಿ, ಅಂದರೆ ಚಿಕ್ಕಮ್ಮ, ಬರುತ್ತಾಳೆ. ಅವಳ ಕೈಬಳೆ ಕೂಸಿನ ದಿಂಬಿನ ಹತ್ತಿರ ಸದ್ದು ಮಾಡುತ್ತದೆ.

ಪಾಚವ್ಯಾ ದಿವಶೀ ಆಲೀ ಮಾವಶೀ
ಬಾಂಗಡ್ಯಾ ವಾಜತೀ ಬಾಳಾಚ್ಯಾ ಉಶೀ

ಬೀಗಿತ್ತಿಯವರು ಹಾಡಿದರು, ನಾನು ಮೊಬೈಲಿನಲ್ಲಿ ತುಂಬಿಕೊಂಡೆ. ಧಾಟಿ ಸರಳ. ದಾದರಾ ತಾಳ, ಒಂದು ಸುತ್ತಿಗೆ ಆರು ಎಣಿಕೆ. ತೊಟ್ಟಿಲು ಆ ಕಡೆ ಹೋಗುವಾಗ ಮೂರು, ಈ ಕಡೆ ಬರುವಾಗ ಮೂರು. ಒಂದು ಸಾಲಿಗೆ ಇಂಥ ನಾಲ್ಕು ಸುತ್ತು. ಸಾಲನ್ನು ಸುತ್ತಿಗೊಂದರಂತೆ ಕತ್ತರಿಸಿ ಬರೆದರೆ ಹೀಗೆ ಕಾಣುತ್ತದೆ. 'ಽ' ಇದ್ದಲ್ಲಿ ಹಿಂದಿನ ಅಕ್ಷರವನ್ನೇ ಎಳೆಯಬೇಕು.

ಪಾ ಽ ಚ ವ್ಯಾ ಽ ಽ | ದಿ ಽ ವ ಶೀ ಽ ಽ | ಆ ಽ ಽ ಲೀ ಽ ಽ | ಮಾ ಽ ವ ಶೀ ಽ ಽ

ಮೂರಕ್ಷರದ ಪ್ರತಿ ಸುತ್ತಿನಲ್ಲೂ ಮೊದಲ ಅಕ್ಷರಕ್ಕೆ ಎರಡು ಎಣಿಕೆ, ನಡುವಿನದಕ್ಕೆ ಒಂದು, ಕೊನೆಯದಕ್ಕೆ ಮೂರು. ಎರಡು, ಒಂದು, ಮೂರು. ಹಾಡು ಪೂರ್ತಿ ಹೆಚ್ಚುಕಡಿಮೆ ಇದೇ ಅಚ್ಚು.

ಅವತ್ತು ರಾತ್ರಿ ಕೂತು ಮೊದಲ ಕರಡು ಬರೆದೆ. ನಾನು ಮಾಡಿದ್ದು ಎಲ್ಲರೂ ಮೊದಲು ಮಾಡುವ ಕೆಲಸವನ್ನೇ. ಮರಾಠಿಯಲ್ಲಿ ಒಂದು ಸುತ್ತಿಗೆ ಮೂರು ಅಕ್ಷರ, ಹಾಗಾದರೆ ಕನ್ನಡದಲ್ಲೂ ಮೂರು ಅಕ್ಷರ ಎಂದು ಬೆರಳು ಮಡಚಿ ಎಣಿಸಿದೆ. 'ಬಾಂಗಡ್ಯಾ' ಇದ್ದಲ್ಲಿ 'ಬಳೆಯು' ಎಂದಿಟ್ಟೆ. ಇನ್ನೊಂದು ನುಡಿಯಲ್ಲಿ ಏಳನೇ ದಿನ ಗುಬ್ಬಿ ಬರುತ್ತದೆ, ಮರಾಠಿಯಲ್ಲಿ 'ಚಿಮಣೀ'. ಅಲ್ಲಿ 'ಗುಬ್ಬಿಯು' ಎಂದಿಟ್ಟೆ. ಕಾಗದದ ಮೇಲೆ ಒಂದಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮರುದಿನ ಬೆಳಿಗ್ಗೆ ಅಡುಗೆ ಮನೆಯಲ್ಲಿ ಹಾಡಿ ನೋಡಿದೆ.

ಹೊರಗಿನ ಕೋಣೆಯಿಂದ ನಮ್ಮವರು ಕೇಳಿದರು: "ಏನ, ಮಾವಶಿ ಬಾಳೆಹಣ್ಣು ತಂದಾಳೇನು?"

ಬ ಽ ಳೆ ಯು ಽ ಽ. ಬ ಮೇಲೆ ಎರಡು ಎಣಿಕೆ ನಿಂತ ಕೂಡಲೇ ಅದು ಬಾ ಆಗುತ್ತದೆ. ಬಳೆ ಹೋಗಿ ಬಾಳೆಯಾಗಿತ್ತು. ಕೊನೆಯ ಯು ಎಳೆದು ಯೂ ಆದದ್ದರಿಂದ 'ಬಾಳೆಯೂ' ಬಂದಿತ್ತು, ಬೇರೇನೋ ತಂದು ಅದರ ಜೊತೆಗೆ ಬಾಳೆಯನ್ನೂ ತಂದ ಹಾಗೆ. ನಗು ಬಂತು. ಗುಬ್ಬಿಯ ಸಾಲಿಗೆ ಬಂದಾಗ ನಗು ನಿಂತಿತು. ಗುಬ್ ಎಂದ ಕೂಡಲೇ ತುಟಿ ಮುಚ್ಚುತ್ತದೆ. ಮುಚ್ಚಿದ ತುಟಿಯಲ್ಲಿ ಸ್ವರ ಎಳೆಯಲು ಆಗುವುದಿಲ್ಲ. ಎಳೆಯಬೇಕಾದರೆ ತುಟಿ ಮುಚ್ಚುವುದನ್ನು ಮುಂದಕ್ಕೆ ಹಾಕಿ ಗು ಅನ್ನೇ ಉದ್ದ ಮಾಡಬೇಕು. ಆಗ ಕೇಳಿಸುವುದು 'ಗೂಬಿ'. ನಮ್ಮ ಧಾರವಾಡದ ಕಡೆ ಗೂಬೆಗೆ ಗೂಬಿ ಎಂದೇ ಹೇಳುವುದು. ಹೆಸರಿಡುವ ದಿನ, ಹನ್ನೆರಡು ದಿನದ ಕೂಸಿನ ತೊಟ್ಟಿಲ ಮುಂದೆ, ಅವ್ವನ ಬಾಯಿಂದ ಗೂಬಿ ಬಂತು ಎಂದು ಹಾಡಿಸುವುದೇ? ಅವಳು ಅಲ್ಲಿಯೇ ಹಾಡು ನಿಲ್ಲಿಸಿಬಿಡುತ್ತಾಳೆ.

ಮರಾಠಿಗೆ ಈ ತೊಂದರೆ ಯಾಕೆ ಬರಲಿಲ್ಲ ಎಂದು ನೋಟ್‌ಬುಕ್ಕು ತೆರೆದು ನೋಡಿದೆ. 'ದಿವಶೀ' ಪದದ ದಿ ಹ್ರಸ್ವ, ಆದರೆ ಹಾಡಿನಲ್ಲಿ ಎರಡು ಎಣಿಕೆ ನಿಲ್ಲುತ್ತದೆ. 'ಉಶೀ' ಪದದ ಉ ಮೂರು ಎಣಿಕೆ ನಿಲ್ಲುತ್ತದೆ. ಯಾರಿಗೂ ಕಿವಿಗೆ ಚುಚ್ಚುವುದಿಲ್ಲ. ಮರಾಠಿಯಲ್ಲಿ ಇ-ಈ, ಉ-ಊ ಬರೆಯುವಾಗ ಬೇರೆ ಬೇರೆ, ನಿಜ. ಆದರೆ ಆಡುಮಾತಿನಲ್ಲಿ ಅವು ಉದ್ದ ಗಿಡ್ಡವಾದರೆ ಅರ್ಥ ಬದಲಾಗುವುದು ಬಹಳ ಅಪರೂಪ. ಹಾಗಾಗಿ ಹಾಡುವವರು ಬೇಕಾದಲ್ಲಿ ಎಳೆಯುತ್ತಾರೆ, ಬೇಕಾದಲ್ಲಿ ಮೊಟಕು ಮಾಡುತ್ತಾರೆ. ಕನ್ನಡದಲ್ಲಿ ಆ ಸಲುಗೆ ಇಲ್ಲ. ಹಳೆ ಎಳೆದರೆ ಹಾಳೆ, ನಡು ಎಳೆದರೆ ನಾಡು, ಮರ ಎಳೆದರೆ ಮಾರ. ಒತ್ತಕ್ಷರದ್ದೂ ಅದೇ ಕತೆ. ಹಕ್ಕಿಯನ್ನು ಎಳೆದರೆ ಹಾಕಿ. ನಮ್ಮ ಭಾಷೆಯಲ್ಲಿ ಉದ್ದ ಗಿಡ್ಡವೇ ಅರ್ಥ.

ಶಾಲೆಯಲ್ಲಿ ಛಂದಸ್ಸು ಕಲಿತವರಿಗೆ ಇಲ್ಲೊಂದು ಮೋಸ ಕಾದಿರುತ್ತದೆ. ದೀರ್ಘಾಕ್ಷರ ಗುರು, ಒತ್ತಕ್ಷರದ ಹಿಂದಿನದೂ ಗುರು, ಎರಡಕ್ಕೂ ಎರಡೆರಡು ಮಾತ್ರೆ ಎಂದು ಕಲಿತಿದ್ದೆವು. ಓದುವುದಕ್ಕೆ ಆ ಲೆಕ್ಕ ಸರಿ. ಹಾಡುವುದಕ್ಕೆ ಆ ಎರಡು ಗುರುಗಳು ಒಂದೇ ಅಲ್ಲ. 'ಕೂಸು' ಪದದ ಕೂ ಮೇಲೆ ಉಸಿರು ಇರುವಷ್ಟು ಹೊತ್ತು ನಿಲ್ಲಬಹುದು. 'ಗುಬ್ಬಿ'ಯ ಗುಬ್ ಮೇಲೆ ಒಂದು ಕ್ಷಣವೂ ನಿಲ್ಲಲಾಗದು. ನಡುವೆ ಇನ್ನೊಂದು ಜಾತಿ ಇದೆ. 'ಬಂದ' ಪದದ ಬಂ, 'ಎಂಟು' ಪದದ ಎಂ. ಬಾಯಿ ಮುಚ್ಚಿದರೂ ಮೂಗಿನಲ್ಲಿ ನಾದ ಉಳಿಯುತ್ತದೆ, ಒಂದೆರಡು ಎಣಿಕೆ ನಡೆಯುತ್ತದೆ.

ಅವತ್ತು ಮಧ್ಯಾಹ್ನ ಅವ್ವನಿಗೆ ಫೋನ್ ಮಾಡಿ ಗೂಬಿಯ ಕತೆ ಹೇಳಿದೆ. ಅವಳು ನಗಲಿಲ್ಲ. ಒಂದು ಕ್ಷಣ ಸುಮ್ಮನಿದ್ದು, "ಎಳಿಯೋ ಜಾಗಾದಾಗ ಎಳ್ಯಾಕ ಬರೋ ಅಕ್ಷರ ಇಡಬೇಕವ್ವಾ. ಗುಬ್ಬೀನ ಸಣ್ಣ ಜಾಗಾದಾಗ ಕೂಡಸು" ಅಂದಳು. ಅವಳಿಗೆ ಗುರು ಲಘು ಗೊತ್ತಿಲ್ಲ. ಬೀಸುವ ಕಲ್ಲಿನ ಮುಂದೆ ಕೂತು ತ್ರಿಪದಿ ಹಾಡಿ ಬೆಳೆದವಳು. ಬೀಸುವ ಹಾಡಿನಲ್ಲಿ ಅಕ್ಷರ ಎಣಿಸಿದರೆ ಒಂದು ಸಾಲಿಗೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ, ಆದರೆ ಕಲ್ಲು ತಿರುಗುವ ಲೆಕ್ಕ ತಪ್ಪುವುದಿಲ್ಲ. ಎಲ್ಲಿ ಎಳೆಯಬೇಕು, ಎಲ್ಲಿ ಎರಡಕ್ಷರ ಒಟ್ಟಿಗೆ ನುಂಗಬೇಕು ಎಂಬುದು ಹಾಡುವವಳ ಕೈಯಲ್ಲಿದೆ. ಅಂಶಗಣ ಎಂದು ಪಂಡಿತರು ಕರೆಯುವುದು ಇದನ್ನೇ.

ಅವ್ವನ ಮಾತು ಹಿಡಿದು ಮತ್ತೆ ಕೂತೆ. ಸುತ್ತಿನಲ್ಲಿ ಸಣ್ಣ ಜಾಗ ಎಂದರೆ ನಡುವಿನದು, ಒಂದೇ ಎಣಿಕೆಯದು. ಗುಬ್ ಅಲ್ಲಿ ಕೂತರೆ ಎಳೆಯುವ ಪ್ರಶ್ನೆಯೇ ಇಲ್ಲ. ಹಾಗಾದರೆ ಅದರ ಹಿಂದೆ ಎರಡು ಎಣಿಕೆ ತುಂಬುವ ಏನಾದರೂ ಬೇಕು. ದೀರ್ಘವೇ ಆಗಬೇಕೆಂದಿಲ್ಲ, ಎರಡು ಹ್ರಸ್ವ ಇಟ್ಟರೂ ಎರಡು ಎಣಿಕೆ ತುಂಬುತ್ತದೆ, ಯಾವುದನ್ನೂ ಎಳೆಯಬೇಕಾಗಿಲ್ಲ. ಮನೆಗುಬ್ಬಿ! ಮ ನೆ ಗುಬ್ ಬೀ ಽ ಽ. ಕೊನೆಯ ಬಿ ಎಳೆದು ಬೀ ಆದರೆ ಅರ್ಥ ಕೆಡುವುದಿಲ್ಲ. ನಮ್ಮ ಧಾರವಾಡದ ಮನೆಯ ಜಂತಿಯ ಸಂದಿಯಲ್ಲಿ ಗೂಡು ಕಟ್ಟುತ್ತಿದ್ದದ್ದೂ ಅದೇ ಹಕ್ಕಿ.

ಬಳೆಗೂ ಅದೇ ಮದ್ದು. ಬ ಉದ್ದದ ಜಾಗದಿಂದ ಏಳಬೇಕು, ಸಣ್ಣ ಜಾಗದಲ್ಲಿ ಕೂಡಬೇಕು. ಮುಂದೆ 'ಕೈ' ಇಟ್ಟೆ. ಕೈ ಽ ಬ ಳೇ ಽ ಽ. ಈಗ ಎಷ್ಟು ಎಳೆದು ಹಾಡಿದರೂ ಅದು ಬಳೆಯೇ. ಎರಡನೇ ಸಾಲಿನ ಕೊನೆಗೆ 'ಮಾವಶಿ'ಗೆ ಪ್ರಾಸ ಬೇಕಿತ್ತು. ಮರಾಠಿಯವರ ಕಿವಿ ಸಾಲಿನ ತುದಿಯಲ್ಲಿ ಪ್ರಾಸ ಹುಡುಕುತ್ತದೆ, ಅಲ್ಲಿಯೇ ಮೂರು ಎಣಿಕೆ ನಿಲ್ಲುವುದರಿಂದ ಪ್ರಾಸ ಇಲ್ಲದಿದ್ದರೆ ಖಾಲಿ ಖಾಲಿ ಅನಿಸುತ್ತದೆ. 'ದಿಂಬಿನ ಬದಿಗೆ' ಎಂದು ಬರೆದಿದ್ದನ್ನು ಹೊಡೆದು ಹಾಕಿ 'ತಲೆದೆಸಿ' ಎಂದೆ. ಮಲಗಿದಾಗ ತಲೆ ಇರುವ ದಿಕ್ಕು, ಧಾರವಾಡದ ಉಚ್ಚಾರದಲ್ಲಿ.

ಐದನೇ ದಿವಸಕೆ ಬಂದಳೋ ಮಾವಶಿ
ಕೈಬಳೆ ನುಡಿದವೋ ಕೂಸಿನಾ ತಲೆದೆಸಿ

ಸುತ್ತು ಸುತ್ತಾಗಿ ಬಿಡಿಸಿದರೆ:

ಐ ಽ ದ ನೇ ಽ ಽ | ದಿ ವ ಸ ಕೇ ಽ ಽ | ಬಂ ಽ ದ ಳೋ ಽ ಽ | ಮಾ ಽ ವ ಶೀ ಽ ಽ
ಕೈ ಽ ಬ ಳೇ ಽ ಽ | ನು ಡಿ ದ ವೋ ಽ ಽ | ಕೂ ಽ ಸಿ ನಾ ಽ ಽ | ತ ಲೆ ದೆ ಸೀ ಽ ಽ

ಮರಾಠಿ ಸಾಲಿಗಿಂತ ಅಕ್ಷರಗಳು ಹೆಚ್ಚಾಗಿವೆ. ಬೆರಳೆಣಿಕೆಯಲ್ಲಿ ಇದು ತಪ್ಪು, ಹಾಡಿದರೆ ಸರಿ. 'ಬಂದಳು' ಎನ್ನದೆ 'ಬಂದಳೋ' ಎಂದದ್ದು ಸುಮ್ಮನೆ ಅಲ್ಲ. ಕೊನೆಯ ಅಕ್ಷರ ಮೂರು ಎಣಿಕೆ ನಿಲ್ಲುತ್ತದಲ್ಲ, 'ಬಂದಳೂ' ಎಂದು ಎಳೆದರೆ ಬಾಯಿ ಸಣ್ಣದಾಗಿ ಧ್ವನಿ ಒಳಗೇ ಉಳಿಯುತ್ತದೆ. ನಾಮಪದವಾದರೆ ಇನ್ನೂ ಕಷ್ಟ. ಉ ಎಳೆದು ಊ ಆದರೆ ಕನ್ನಡದಲ್ಲಿ 'ಕೂಡ' ಎಂಬ ಅರ್ಥ ಬಂದುಬಿಡುತ್ತದೆ, ಮಗಳು ಹೋಗಿ ಮಗಳೂ ಆಗುತ್ತಾಳೆ. ಇ ಎಳೆದು ಈ ಆದರೆ, ಎ ಎಳೆದು ಏ ಆದರೆ ಹೆಚ್ಚಿನ ಕಡೆ ಅಪಾಯವಿಲ್ಲ. ಆದ್ದರಿಂದ ಸಾಲಿನ ಕೊನೆಗೂ ಸುತ್ತಿನ ಕೊನೆಗೂ ಉಕಾರ ಬಾರದ ಹಾಗೆ ಹಾಡು ಪೂರ್ತಿ ಹುಡುಕಿ ತೆಗೆದೆ. ನಮ್ಮ ಹಳ್ಳಿಯ ಹಾಡುಗಳಲ್ಲಿ ಓ, ಏ ಯಾಕೆ ಅಷ್ಟೊಂದು ಬರುತ್ತವೆ ಎಂಬುದು ಆಗ ಗೊತ್ತಾಯಿತು.

ದಿನಗಳ ಎಣಿಕೆ ದೊಡ್ಡ ತಲೆನೋವಾದೀತು ಎಂದುಕೊಂಡಿದ್ದೆ, ಅದು ಅರ್ಧ ತಾನಾಗಿಯೇ ಬಿಡಿಸಿಕೊಂಡಿತು. ಮರಾಠಿಯಲ್ಲಿ ಪಹಿಲ್ಯಾ, ದುಸರ್ಯಾ, ಪಾಚವ್ಯಾ, ಸಾತವ್ಯಾ, ಎಲ್ಲವೂ ಕೊನೆಗೆ ದೀರ್ಘ. ಕನ್ನಡದಲ್ಲಿ ಮೂರನೇ, ನಾಕನೇ, ಐದನೇ, ಆರನೇ, ಏಳನೇ, ಎಂಟನೇ. ಮೊದಲದ್ದು ಗುರು, ನಡುವಿನದು ಲಘು, ಕೊನೆಗೆ ನೇ. ಎರಡು, ಒಂದು, ಮೂರು! ಅಳೆದು ಹೊಲಿದ ಹಾಗೆ ಕೂತವು. ಮೊದಲನೇ, ಎರಡನೇ ಎಂಬಲ್ಲಿ ನಾಲ್ಕು ಅಕ್ಷರ, ಆದರೆ ಮೊದಲ ಎರಡು ಹ್ರಸ್ವಗಳು ಉದ್ದದ ಜಾಗವನ್ನು ಹಂಚಿಕೊಂಡವು. ಹತ್ತನೇ ಸ್ವಲ್ಪ ತಕರಾರು ಮಾಡಿತು. ಹತ್ ಎಂದು ಮುಗಿಸಿ ಒಂದು ಎಣಿಕೆ ಬಿಟ್ಟು ತನೇ ಎಂದರೆ ನಡೆಯುತ್ತದೆ, ಅಲ್ಲಿ ತೊಟ್ಟಿಲ ಸರಪಳಿಯ ಸದ್ದು ಕೇಳುತ್ತದೆ.

ಕೈ ಕೊಟ್ಟದ್ದು 'ದಿನ'. ದಿ ಮೇಲೆ ಎರಡು ಎಣಿಕೆ ನಿಂತರೆ ಅದು ದೀನ. 'ಐದನೇ ದೀನಕೆ' ಎಂದು ಹನ್ನೆರಡು ಸಲ ಹಾಡುವುದು ಹೇಗೆ? ಅವ್ವ ಮಾತಾಡುವಾಗ ದಿನ ಎನ್ನುವುದಕ್ಕಿಂತ ದಿವಸ ಎನ್ನುವುದೇ ಹೆಚ್ಚು. 'ದಿವಸಕೆ' ಎಂದು ಹಾಕಿದ ಕೂಡಲೇ ದಿ ವ ಎರಡೂ ಉದ್ದದ ಜಾಗದಲ್ಲಿ ಕೂತು, ಮರಾಠಿಯ 'ದಿವಶೀ'ಗೂ ಹತ್ತಿರವಾಯಿತು. ಎರಡೂ ಭಾಷೆಯವರು ಒಟ್ಟಿಗೆ ಹಾಡಿದರೂ ಬಾಯಿ ಒಂದೇ ಹೊತ್ತಿಗೆ ತೆರೆದು ಮುಚ್ಚುತ್ತದೆ.

ಒಂಬತ್ತನೇ, ಹನ್ನೊಂದನೇ, ಹನ್ನೆರಡನೇ, ಈ ಮೂರು ಅಚ್ಚಿಗೆ ಸಿಗಲಿಲ್ಲ. 'ಒಂಬತ್ತು ದಿವಸಕೆ' ಎಂದರೆ ಮಾತ್ರೆಗಳ ಮೊತ್ತ ಸರಿಹೋಗುತ್ತದೆ. ಆದರೆ ಎಳೆತ ಬೀಳುವುದು ತು ಮೇಲೆ, ಅದು 'ಒಂಬತ್ತೂ' ಆಗಿ ಒಂಬತ್ತು ದಿನವೂ ಗುಬ್ಬಿ, ಮಾವಶಿ ಎಲ್ಲ ಬಂದ ಹಾಗಾಯಿತು. ಮೊತ್ತ ಸರಿಯಿದ್ದರೆ ಸಾಲದು, ಯಾವ ಅಕ್ಷರ ಯಾವ ಜಾಗದಲ್ಲಿ ಎಂಬುದು ಮುಖ್ಯ. ಕೊನೆಗೆ ಬರೆಯುವ ಕನ್ನಡ ಬಿಟ್ಟು ಆಡುವ ಕನ್ನಡಕ್ಕೆ ಇಳಿದೆ. ನಾವು ಮಾತಿನಲ್ಲಿ ಒಂಬತ್ತನೇ ಎನ್ನುವುದಿಲ್ಲ, 'ಒಂಬತ್ನೇ' ಎನ್ನುತ್ತೇವೆ. ಒಂ ಽ ಬತ್ ನೇ ಽ ಽ. ಮುಚ್ಚಿದ ಬತ್ ಸಣ್ಣ ಜಾಗದಲ್ಲಿ ಸರಿಯಾಗಿ ಕೂತಿತು. 'ಹನ್ನೊಂದ್ನೇ' ಕೂಡ ಹಾಗೆಯೇ. 'ಹನ್ನೆರಡ್ನೇ' ಮಾತ್ರ ಏನು ಮಾಡಿದರೂ ನಾಲ್ಕು ತುಂಡು. ಹನ್ ನೆ ರಡ್ ನೇ. ಅದನ್ನು ಒತ್ತಿ ತುರುಕಿ ಮುಂದೆ ಹೋದೆ. ಹೆಸರಿಡುವ ನುಡಿಯೇ ಎಡವುತ್ತಿತ್ತು.

ಇನ್ನೊಂದು ತಪ್ಪು ಕಾಗದದ ಮೇಲೆ ಎಷ್ಟು ನೋಡಿದರೂ ಕಾಣುವಂಥದ್ದಲ್ಲ. ಎರಡನೇ ನುಡಿಯಲ್ಲಿ 'ತೊಟ್ಟಿಲಿನೊಳಗೆ' ಎಂದು ಬರೆದಿದ್ದೆ. ಒಳ್ಳೆಯ ಕನ್ನಡ ಪದ. ಆದರೆ ಸುತ್ತು ಆರು ಎಣಿಕೆಗೆ ಮುಗಿಯುತ್ತದೆ, ಮೂರು ಎಣಿಕೆಯ ಎಳೆತದ ಕೊನೆಗೆ ಹಾಡುವವರು ಉಸಿರು ತೆಗೆದುಕೊಳ್ಳುತ್ತಾರೆ, ಮುಂದಿನ ಅಕ್ಷರ ಸಮ್ ಮೇಲೆ ಒತ್ತಾಗಿ ಬೀಳುತ್ತದೆ. ಕನ್ನಡದಲ್ಲಿ ಒತ್ತು ಇರುವುದು ಪದದ ಮೊದಲ ಅಕ್ಷರದ ಮೇಲೆ. ಹಾಗಾಗಿ ಸಮ್ ಮೇಲೆ ಬಿದ್ದದ್ದನ್ನು ಕಿವಿ ಹೊಸ ಪದ ಎಂದೇ ತಿಳಿಯುತ್ತದೆ. 'ತೊಟ್ಟಿಲೀ' ಎಂದು ಎಳೆದು, ಉಸಿರು ತೆಗೆದುಕೊಂಡು, 'ನೊಳಗೆ' ಎಂದರೆ ಧಾರವಾಡದ ಕಿವಿಗೆ ಕೇಳುವುದು ನೊಳ. ನಮ್ಮ ಕಡೆ ನೊಣಕ್ಕೆ ನೊಳ ಎನ್ನುತ್ತಾರೆ. ತೊಟ್ಟಿಲಲ್ಲಿ ನೊಣ! 'ತೊಟ್ಟಿಲಾ ಒಳಗಡೆ' ಎಂದು ಎರಡು ಪದ ಮಾಡಿದೆ. ತೊಟ್ ಽ ಟಿ ಲಾ ಽ ಽ | ಒ ಳ ಗ ಡೇ ಽ ಽ. ತೊಟ್ ಎಳೆಯಬಾರದ ಅಕ್ಷರ ನಿಜ, ಆದರೆ ಹತ್ತನೇ ಸಾಲಿನಂತೆ ಇಲ್ಲಿಯೂ ಒಂದು ಎಣಿಕೆ ಬಿಟ್ಟರೆ ನಡೆಯಿತು. ಎಲ್ಲವನ್ನೂ ತಿದ್ದಲು ಹೋದರೆ ತೊಟ್ಟಿಲೇ ಉಳಿಯುತ್ತಿರಲಿಲ್ಲ.

ಇಂಥ ತಪ್ಪು ಹಿಡಿಯುವುದಕ್ಕೆ ಒಂದೇ ದಾರಿ. ಬರೆದವರು ತಾವೇ ಹಾಡಿ ತಾವೇ ಕೇಳಿದರೆ ಪ್ರಯೋಜನವಿಲ್ಲ, ಅವರಿಗೆ ಪದ ಮೊದಲೇ ಗೊತ್ತಿರುತ್ತದೆ. ಬರಹ ನೋಡದ ಒಬ್ಬರನ್ನು ಪಕ್ಕದ ಕೋಣೆಯಲ್ಲಿ ಕೂಡಿಸಬೇಕು, ನಿಧಾನ ಲಯದಲ್ಲಿ ಹಾಡಬೇಕು, ಏನು ಕೇಳಿಸಿತು ಹೇಳಿ ಎನ್ನಬೇಕು. ಲಯ ನಿಧಾನವಾದಷ್ಟೂ ಎಳೆತ ಹೆಚ್ಚು, ತಪ್ಪು ಬೇಗ ಬಯಲಾಗುತ್ತದೆ. ನಮ್ಮವರು ಆ ವಾರ ಪೇಪರ್ ಓದುತ್ತ ಹನ್ನೆರಡೂ ನುಡಿಗೆ ಕಿವಿ ಕೊಟ್ಟರು.

ಎಂಟನೇ ದಿನ ಸಂಜೆ ಬೀಗಿತ್ತಿಯವರಿಗೆ ಹಾಡಿ ತೋರಿಸಿದೆ. ಅವರು ಕಣ್ಣು ಮುಚ್ಚಿ ತಾಳ ಹಾಕುತ್ತ ಕೇಳಿದರು. ಮುಗಿದ ಮೇಲೆ, ನಮ್ಮ ನಾಟ್ಯಸಂಗೀತದವರೂ ಹೀಗೆಯೇ ಮಾಡಿದ್ದರಲ್ಲ, ಆದರೆ ಅವರು ನಿಮ್ಮ ಕಡೆಯಿಂದ ತಂದಿದ್ದರು ಎಂದರು. ನಾವಿಬ್ಬರೂ ಕೋಥರೂಡಿನ ಯಶವಂತರಾವ್ ಚವ್ಹಾಣ ನಾಟ್ಯಗೃಹಕ್ಕೆ ಜೊತೆಯಾಗಿ ನಾಟಕ ನೋಡಲು ಹೋಗುವವರು. ಅವರ ಮನೆಯಲ್ಲಿ 'ಸಂಗೀತ ಸೌಭದ್ರ'ದ ಹಳೆಯ ಪುಸ್ತಕವಿದೆ. ಒಳಗಿಂದ ತಂದು ತೋರಿಸಿದರು. ಪದಗಳ ತಲೆಯ ಮೇಲೆ ಚಿಕ್ಕ ಅಕ್ಷರದಲ್ಲಿ 'ಚಾಲ' ಎಂದು ಬರೆದು, ಯಾವ ಹಾಡಿನ ಧಾಟಿಯಲ್ಲಿ ಹೇಳಬೇಕು ಎಂದು ಸೂಚಿಸಿರುತ್ತದೆ. ನಮ್ಮ ಹಳೆಯ ಕಂಪನಿ ನಾಟಕಗಳ ಪುಸ್ತಕದಲ್ಲಿ 'ಎಂಬ ಮಟ್ಟು' ಎಂದು ಇರುತ್ತಿತ್ತಲ್ಲ, ಅದೇ.

ಸೌಭದ್ರ ಬರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು 1843ರಲ್ಲಿ, ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರಲ್ಲಿ ಪುಣೆಯಲ್ಲಿ ಅವರ 'ಶಾಕುಂತಲ' ರಂಗಕ್ಕೆ ಬಂತು, 1882ರಲ್ಲಿ ಸೌಭದ್ರ. ಕನ್ನಡದ ಸೀಮೆಯಲ್ಲಿ ಕಿವಿಗೆ ಬಿದ್ದ ಧಾಟಿಗಳನ್ನು ಅವರು ಮರಾಠಿ ಪದಗಳಿಗೆ ಬಳಸಿಕೊಂಡರು. ಕನ್ನಡದ ಧಾಟಿಗೆ ಮರಾಠಿ ಮಾತು ಕೂಡಿಸುವವರ ಕಷ್ಟ ನನ್ನದಕ್ಕಿಂತ ತಿರುಗುಮುರುಗು. ಕನ್ನಡದ ಪದ ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತದೆ, ಧಾಟಿ ಆ ಸ್ವರದ ಮೇಲೆ ನಿಂತಿರುತ್ತದೆ. ಮರಾಠಿಯ ಘರ್, ದೇವ್, ಬಾಳ್ ಎಂಬ ಪದಗಳು ಮಾತಿನಲ್ಲಿ ವ್ಯಂಜನದಲ್ಲಿ ಮುಗಿಯುತ್ತವೆ, ನಿಲ್ಲಲು ಜಾಗವಿಲ್ಲ. ಆಗ ಹಾಡುವವರು ಮಾತಿನಲ್ಲಿ ಬಿಟ್ಟುಹೋದ ಅಕಾರವನ್ನು ಮತ್ತೆ ಕರೆತಂದು 'ದೇವ' ಎಂದು ಎರಡಕ್ಷರ ಮಾಡಿಕೊಳ್ಳುತ್ತಾರೆ. ನಾನು ಒಂಬತ್ತನೇ ಪದದಿಂದ ಒಂದು ಅಕಾರ ಕಿತ್ತು 'ಒಂಬತ್ನೇ' ಮಾಡಿದೆ, ಅವರು ಬಿದ್ದುಹೋದದ್ದನ್ನು ಎತ್ತಿಟ್ಟರು. ಬೀಗಿತ್ತಿಯವರಿಗೆ ಇದನ್ನು ಹೇಳಿದಾಗ, ಹಾಗಾದರೆ ಲೆಕ್ಕ ಚುಕ್ತಾ ಎಂದು ನಕ್ಕರು.

ಒಂದು ನುಡಿಯಲ್ಲಿ ನಾನು ಸೋತೆ, ಅದನ್ನೂ ಹೇಳಬೇಕು. ಹತ್ತನೇ ದಿನ ಅಜ್ಜಿ ಕೂಸಿನ 'ಕೌತುಕ' ಮಾಡುತ್ತಾಳೆ. ಕೌ ಽ ತು ಕ ಽ ಽ. ಕನ್ನಡದಲ್ಲೂ ಅದೇ ಪದ ಇದೆ, ಅದೇ ಜಾಗದಲ್ಲಿ ಕೂಡುತ್ತದೆ. ಆದರೆ ನಮಗೆ ಕೌತುಕ ಎಂದರೆ ಕುತೂಹಲ, ಅಚ್ಚರಿ. ಮರಾಠಿಯಲ್ಲಿ ಕೌತುಕ ಎಂದರೆ ಮಗುವಿನ ಸಣ್ಣ ಸಣ್ಣ ಸಾಹಸಕ್ಕೆ ಹಿಗ್ಗಿ, ಎಲ್ಲರೆದುರು ಹೊಗಳಿ, ಮುದ್ದು ಮಾಡುವುದು. ಇಷ್ಟನ್ನೂ ಮೂರಕ್ಷರದಲ್ಲಿ ಹೇಳುವ ಕನ್ನಡ ಪದ ನನಗೆ ಸಿಗಲಿಲ್ಲ. ಕೊಂಡಾಟ ಎಂಬುದು ಅರ್ಥಕ್ಕೆ ಹತ್ತಿರ, ಆದರೆ ನಡುವಿನ ಡಾ ಸಣ್ಣ ಜಾಗದಲ್ಲಿ ಮೊಟಕಾಗಿ 'ಕೊಂಡಟ' ಆಗುತ್ತದೆ. ಎರಡು ದಿನ ಹೆಣಗಾಡಿ, ಆ ನುಡಿಯ ಎರಡನೇ ಸಾಲನ್ನು ಮರಾಠಿಯಲ್ಲೇ ಬಿಟ್ಟೆ.

ಬಾರಸೆಯ ಹಿಂದಿನ ದಿನ ಬೆಳಿಗ್ಗೆ ಅವ್ವ ರೈಲಿನಲ್ಲ ಬಂದಿಳಿದಳು. ಚಹಾ ಕುಡಿದು ಮೊದಲು ಕೇಳಿದ್ದು ಹಾಡನ್ನು. ನಾನು ಓದಿದೆ, ಅವಳು ಓದಬ್ಯಾಡ ಹಾಡು ಅಂದಳು. ಹಾಡಿದೆ. ಮನೆಗುಬ್ಬಿ ಬಂದಾಗ ತಲೆ ಆಡಿಸಿದಳು. ಹನ್ನೆರಡನೇ ನುಡಿ ಬಂತು. ಹನ್ನೆರಡ್ನೇ ಎಂದು ಒತ್ತಿ ತುರುಕಿದ ಕೂಡಲೇ ಕೈ ಎತ್ತಿ ನಿಲ್ಲಿಸಿದಳು.

"ಕೂಸಿಗೆ ಹನ್ನೆರಡು ದಿವಸ ಆದ್ವು ಅನ್ನೋದು ಎಲ್ಲಾರಿಗೂ ಗೊತ್ತದ. ಅವತ್ತು ಏನ ಮಾಡ್ತೀರಿ?"

"ಹೆಸರಿಡ್ತೀವಿ."

"ಮತ್ತ ಅದನ್ನ ಅನ್ನು. ಹೆಸರಿಡೋ ದಿವಸಕೆ."

ಹೆ ಸ ರಿ ಡೋ ಽ ಽ | ದಿ ವ ಸ ಕೇ ಽ ಽ. ಎರಡು ಹ್ರಸ್ವ ಉದ್ದದ ಜಾಗದಲ್ಲಿ, ರಿ ಸಣ್ಣ ಜಾಗದಲ್ಲಿ, ಡೋ ಮೇಲೆ ಮೂರು ಎಣಿಕೆ. ನಾನು ಒಂದು ವಾರದಿಂದ ಸಂಖ್ಯೆಯನ್ನು ಹಿಡಿದುಕೊಂಡು ಕೂತಿದ್ದೆ.

ಮರುದಿನ ಹೀಗೆ ಹಾಡಿದೆವು: ಒಂದು ನುಡಿ ಮರಾಠಿಯಲ್ಲಿ, ಅದೇ ನುಡಿ ಮತ್ತೆ ಕನ್ನಡದಲ್ಲಿ, ಜೋ ಜೋ ಎಲ್ಲರೂ ಒಟ್ಟಿಗೆ. ಅವ್ವ ತೊಟ್ಟಿಲ ಹಗ್ಗ ಹಿಡಿದು ಕೂತಿದ್ದಳು. ಮೊದಲ ನುಡಿಗೆ ಧ್ವನಿ ಸ್ವಲ್ಪ ನಡುಗಿತು, ಮೂರನೇ ನುಡಿಯ ಹೊತ್ತಿಗೆ ಲಯ ಅವಳ ಕೈಯಲ್ಲಿತ್ತು. ಬೀಗರ ಕಡೆಯ ಹೆಂಗಸರು ಅವಳ ಎಳೆತಕ್ಕೆ ತಕ್ಕ ಹಾಗೆ ನಿಂತು ನಿಂತು ಹಾಡಿದರು. ಹತ್ತನೇ ದಿನದ ಮರಾಠಿ ಸಾಲನ್ನು ಅವಳೂ ಹಾಡಿದಳು. ಅವಳ ಮನಸ್ಸಿನಲ್ಲಿದ್ದದ್ದು ನಮ್ಮ ಕೌತುಕವೋ ಅವರದೋ, ನಾನು ಕೇಳಲಿಲ್ಲ. ಹೆಸರಿಡೋ ದಿವಸಕೆ ಎಂಬಲ್ಲಿ ಕೂಸಿನ ಅತ್ತೆ, ಅವರ ಮಾತಿನಲ್ಲಿ ಆತ್ಯಾ, ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಳು. ಅವ್ವ ಡೋ ಅನ್ನು ಆರು ಎಣಿಕೆ ಎಳೆದು ಅದಕ್ಕೆ ಜಾಗ ಮಾಡಿಕೊಟ್ಟಳು.

ಊಟದ ಹೊತ್ತಿಗೆ ಬೀಗಿತ್ತಿಯವರು ಆ ರಟ್ಟು ಹೋದ ನೋಟ್‌ಬುಕ್ಕು ತಂದು ನನ್ನ ಕೈಗೆ ಕೊಟ್ಟು, ಎದುರಿನ ಖಾಲಿ ಪುಟದಲ್ಲಿ ಕನ್ನಡದ್ದನ್ನೂ ಬರೆಯಿರಿ ಎಂದರು. ಅವರಿಗೆ ಓದಲು ಬರಲಿ ಎಂದು ದೇವನಾಗರಿಯಲ್ಲಿ ಬರೆದೆ. ಐದನೇ ನುಡಿಯ ಪಕ್ಕದಲ್ಲಿ ಮಾತ್ರ ಚಿಕ್ಕದಾಗಿ ಒಂದು ಸೂಚನೆ ಹಾಕಿದ್ದೇನೆ: 'ಬ ಎಳೆಯಬಾರದು.'